ಛತ್ರದ ಬ್ರೋಷರ್ ತಿದ್ದುವುದು ಹೇಗೆ: ಜನ, ಅಡುಗೆ, ಪಾರ್ಕಿಂಗ್, ಬುಕಿಂಗ್ ಒಂದಕ್ಕೊಂದು ತಾಳೆಯಾಗುವ ಹಾಗೆ

ಮಧ್ಯಾಹ್ನ 3 ಗಂಟೆ. ಐದನೇ ಪಂಕ್ತಿಗೆ ಎಲೆ ಹಾಕುತ್ತಿದ್ದಾರೆ. ಹೊರಗೆ ಮುಂದಿನ ಮದುವೆಯವರ ಹೂವಿನ ಗಾಡಿ ಬಂದು ನಿಂತಿದೆ. ಛತ್ರದ ಮೇನೇಜರ್ ಟೈಮ್ ಆಯ್ತು ಅನ್ನುತ್ತಿದ್ದಾರೆ. ಹುಡುಗಿಯ ಚಿಕ್ಕಪ್ಪ ಜೇಬಿನಿಂದ ಬ್ರೋಷರ್ ತೆಗೆದು, "1500 ಜನ ಅಂತ ನೀವೇ ಅಚ್ಚು ಹಾಕಿಸಿದ್ದೀರಲ್ಲ ಸ್ವಾಮಿ, ಅವರು ಊಟ ಮಾಡಬೇಡವಾ?" ಎಂದು ಕೇಳುತ್ತಿದ್ದಾರೆ.

ಆ ಬ್ರೋಷರ್ ಮಾಡಿಕೊಟ್ಟವನು ನಾನೇ. ತುಮಕೂರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಯಜಮಾನರು ಬರೆದುಕೊಟ್ಟಿದ್ದನ್ನು ಹಾಗೇ ಟೈಪ್ ಮಾಡಿ, ಅಂಚಿಗೆ ಮಾವಿನ ತೋರಣ ಹಾಕಿ ಕೊಟ್ಟಿದ್ದೆ. ಮಾರನೇ ವಾರ ಅವರು ಅದೇ ಬ್ರೋಷರ್ ಹಿಡಿದುಕೊಂಡು ಬಂದು, "ಇದನ್ನ ಸರಿ ಮಾಡಪ್ಪ, ದಿನಾ ಜಗಳ" ಎಂದರು. ಅದನ್ನು ತಿದ್ದಿದ ಬಗೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಛತ್ರ ಶಿರಾ ರಸ್ತೆ ಕಡೆಯದು, ಯಾವುದು ಅಂತ ಬೇಡ. ನೀವು ಛತ್ರದ ಕಡೆಯವರಾಗಿದ್ದರೂ ನನ್ನಂತೆ ಅಚ್ಚಿನ ಕೆಲಸದವರಾಗಿದ್ದರೂ ಇದೇ ದಾರಿ ಹಿಡಿಯಬಹುದು.

ಮೊದಲು ಟೇಪು, ಆಮೇಲೆ ಕಂಪ್ಯೂಟರ್

ಕಂಪ್ಯೂಟರ್ ಮುಂದೆ ಕೂತು ಬ್ರೋಷರ್ ತಿದ್ದಲು ಆಗುವುದಿಲ್ಲ. ತಪ್ಪು ಇರುವುದು ಕಾಗುಣಿತದಲ್ಲಲ್ಲ. ಹಳೇ ಬ್ರೋಷರ್‌ನ ಒಂದು ಜೆರಾಕ್ಸ್, ಕೆಂಪು ಪೆನ್ನು, 30 ಮೀಟರ್ ಟೇಪು ತೆಗೆದುಕೊಂಡು ಮದುವೆ ಇಲ್ಲದ ದಿನ ಛತ್ರಕ್ಕೆ ಹೋಗಿ.

ಹೋಗುವ ಮೊದಲು ಜೆರಾಕ್ಸ್ ಮೇಲೆ ಕೆಲವು ಪದಗಳಿಗೆ ಸುತ್ತು ಹಾಕಿಕೊಳ್ಳಿ: ಸುಮಾರು, ವಿಶಾಲವಾದ, ಸುಸಜ್ಜಿತ, ಇತ್ಯಾದಿ, ಉಚಿತ, ಷರತ್ತುಗಳು ಅನ್ವಯ, ಒಂದು ದಿನ. ಜಗಳ ಹುಟ್ಟುವುದು ಈ ಪದಗಳ ಹತ್ತಿರವೇ. ನಮ್ಮ ಬ್ರೋಷರ್‌ನಲ್ಲಿ ಹದಿನಾರು ಸುತ್ತು ಬಿದ್ದವು. ಒಂದೊಂದು ಸುತ್ತಿನ ಜಾಗಕ್ಕೂ ಒಂದು ಸಂಖ್ಯೆ, ಇಲ್ಲವೇ ಒಂದು ಗಂಟೆ, ಇಲ್ಲವೇ "ಯಾರು ಕೊಡಬೇಕು" ಎಂಬ ಉತ್ತರ ಬರಬೇಕು. ಉತ್ತರ ಸಿಗದಿದ್ದರೆ ಆ ಪದವನ್ನೇ ತೆಗೆಯಿರಿ.

ಇನ್ನೊಂದು ಕೆಲಸ. ಮೇನೇಜರ್ ಪಕ್ಕ ಒಂದು ಗಂಟೆ ಕೂತು, ಫೋನ್ ಮಾಡಿದವರು ಏನೇನು ಕೇಳುತ್ತಾರೆ ಎಂದು ಬರೆದುಕೊಳ್ಳಿ. ಕೋಣೆ ಎಷ್ಟು, ಏಸಿ ಇದೆಯಾ ಎಂದು ಕೇಳಿದವರು ಕಡಿಮೆ. ಮೂರು ಪ್ರಶ್ನೆ ಮತ್ತೆ ಮತ್ತೆ ಬಂದವು: ನಮ್ಮ ಭಟ್ಟರನ್ನು ಕರೆತರಬಹುದಾ, ಯಾವಾಗ ಒಳಗೆ ಬಿಡ್ತೀರಾ, ಎಲ್ಲಾ ಸೇರಿ ಎಷ್ಟಾಗುತ್ತೆ. ಹಳೇ ಬ್ರೋಷರ್‌ನಲ್ಲಿ ಈ ಮೂರಕ್ಕೂ ಉತ್ತರ ಇರಲಿಲ್ಲ. ಗಣಪತಿ ಚಿತ್ರ ಮಾತ್ರ ಎರಡು ಕಡೆ ಇತ್ತು.

ದಿನ ಅಂದರೆ ಎಷ್ಟು ಹೊತ್ತು

ಮಿಕ್ಕಿದ್ದೆಲ್ಲಾ ಇದರ ಮೇಲೆ ನಿಂತಿರುವುದರಿಂದ ಮೊದಲು ಇದನ್ನು ಗಟ್ಟಿ ಮಾಡಿಕೊಳ್ಳಿ. ನಮ್ಮ ಕಡೆ ಮದುವೆ ಎರಡು ತಾರೀಖಿಗೆ ಹರಡಿಕೊಳ್ಳುತ್ತದೆ. ಹಿಂದಿನ ಸಂಜೆ ಆರತಕ್ಷತೆ, ಮಾರನೇ ಬೆಳಿಗ್ಗೆ ಮುಹೂರ್ತ. "14ನೇ ತಾರೀಖಿಗೆ ಛತ್ರ ಬೇಕು" ಎಂದು ಬಂದವರು ಮುಹೂರ್ತ 14 ಎನ್ನುತ್ತಿರುತ್ತಾರೋ, ಆರತಕ್ಷತೆ 14 ಎನ್ನುತ್ತಿರುತ್ತಾರೋ ಗೊತ್ತಾಗುವುದಿಲ್ಲ. ಬೆಳಗಿನ ಜಾವ 5 ಗಂಟೆಯ ಮುಹೂರ್ತವಾದರೆ ಗೊಂದಲ ಇನ್ನೂ ಜಾಸ್ತಿ. ಹೀಗೆ ಒಂದೇ ಸಂಜೆಗೆ ಎರಡು ಮನೆಯವರಿಂದ ಅಡ್ವಾನ್ಸ್ ತೆಗೆದುಕೊಂಡ ಕಥೆಯೂ ಈ ಛತ್ರದಲ್ಲಿ ನಡೆದಿತ್ತು.

ಹಳೇ ಸಾಲು ಹೀಗಿತ್ತು: "ಬಾಡಿಗೆ ಒಂದು ದಿನಕ್ಕೆ (24 ಗಂಟೆ)". 3ರಿಂದ 3ರವರೆಗೆ ಎಂದು ಬಾಯಲ್ಲಿ ಹೇಳುತ್ತಿದ್ದರು. ಹಾಗಾದರೆ ಗುಡಿಸಲು ಸಮಯ ಎಲ್ಲಿ? ಒಬ್ಬರು 3ಕ್ಕೆ ಹೊರಡಬೇಕು, ಇನ್ನೊಬ್ಬರು 3ಕ್ಕೇ ಒಳಗೆ ಬರಬೇಕು. ಯಜಮಾನರು ಒಂದು ಗಂಟೆ ಬಿಡಲು ಒಪ್ಪಿದರು. ಹೊಸ ಸಾಲು:

"ಬುಕಿಂಗ್ ತಾರೀಖು ಎಂದರೆ ಮುಹೂರ್ತದ ತಾರೀಖು. ಅದರ ಹಿಂದಿನ ದಿನ ಸಂಜೆ 4 ಗಂಟೆಯಿಂದ ಮುಹೂರ್ತದ ದಿನ ಮಧ್ಯಾಹ್ನ 3 ಗಂಟೆವರೆಗೆ ಛತ್ರ ನಿಮ್ಮದು. ಉದಾಹರಣೆಗೆ, ಮುಹೂರ್ತ ಭಾನುವಾರ ಇದ್ದರೆ ಶನಿವಾರ ಸಂಜೆ 4ರಿಂದ ಭಾನುವಾರ ಮಧ್ಯಾಹ್ನ 3ರವರೆಗೆ."

ಉದಾಹರಣೆಯ ಸಾಲನ್ನು ಜಾಗ ಉಳಿಸಲು ತೆಗೆಯಬೇಡಿ. ಓದುವವರಿಗೆ ನಿಜವಾಗಿ ಅರ್ಥವಾಗುವುದು ಅದೇ. ಇದರ ಕೆಳಗೇ ಅಂಗಳದ ಮೈಕು, ಆರ್ಕೆಸ್ಟ್ರಾ ರಾತ್ರಿ 10ಕ್ಕೆ ನಿಲ್ಲಬೇಕು ಎಂದೂ ಹಾಕಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕಬಾರದು ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಅಂಗಳದಲ್ಲಿ ಬೆಳಗಿನ ಜಾವದ ವಾಲಗಕ್ಕೆ ಮೈಕು ಕಟ್ಟುವವರಿಗೂ ಇದು ಮೊದಲೇ ಗೊತ್ತಿರಬೇಕು.

1500 ಜನ ಎಲ್ಲಿ ಕೂರುತ್ತಾರೆ?

ಛತ್ರಕ್ಕೆ ಒಂದೇ ಸಂಖ್ಯೆ ಇರುವುದಿಲ್ಲ, ಮೂರಿರುತ್ತವೆ. ಹಾಲ್‌ನಲ್ಲಿ ಒಟ್ಟಿಗೆ ಕೂರುವವರು, ಒಂದು ಪಂಕ್ತಿಗೆ ಊಟಕ್ಕೆ ಕೂರುವವರು, ಇಡೀ ಮದುವೆಗೆ ಬಂದು ಉಂಡು ಹೋಗಬಹುದಾದವರು. ಮೂರನ್ನೂ ಕಲಸಿ ದೊಡ್ಡದೊಂದು ಸಂಖ್ಯೆ ಹಾಕುವುದೇ ಎಲ್ಲರ ರೂಢಿ.

ಹಾಲ್ ಅಳೆದೆವು. 60 ಅಡಿ ಅಗಲ, 90 ಅಡಿ ಉದ್ದ, ಅಂದರೆ 5400 ಚದರ ಅಡಿ. ಅದರಲ್ಲಿ ಸ್ಟೇಜು, ಅದರ ಮುಂದಿನ ಖಾಲಿ ಜಾಗ, ಬಾಗಿಲ ಬಳಿಯ ಜಾಗ ಸೇರಿ ಸುಮಾರು 1400 ಹೋಯಿತು. ಉಳಿದದ್ದು 4000. ನಡುದಾರಿ ಬಿಟ್ಟು ಜೋಡಿಸಿದರೆ ಒಂದು ಕುರ್ಚಿಗೆ 7 ಚದರ ಅಡಿ ಹಿಡಿಯುತ್ತದೆ. 570 ಬಂತು. ನಿಜವಾಗಿ ಜೋಡಿಸಿ ಎಣಿಸಿದಾಗ 550. ಲೆಕ್ಕಕ್ಕಿಂತ ಎಣಿಕೆಯನ್ನೇ ನಂಬಿ, ಕಂಬಗಳು ಲೆಕ್ಕದಲ್ಲಿ ಬರುವುದಿಲ್ಲ. ಕೊನೇ ಸಾಲಲ್ಲಿ ಕೂತು ಸ್ಟೇಜ್ ಕಾಣುತ್ತದೆಯೇ, ಬಾಗಿಲಿಗೆ ಕುರ್ಚಿ ಅಡ್ಡ ಬಂದಿದೆಯೇ ಎಂದೂ ನೋಡಿ. ಬಾಗಿಲಿಗೆ ಅಡ್ಡ ಬಂದ ಕುರ್ಚಿಗಳನ್ನು ಎಣಿಕೆಗೆ ಸೇರಿಸಬೇಡಿ.

ಊಟದ ಹಾಲ್ ಇನ್ನೂ ಮುಖ್ಯ. ಬಾಳೆ ಎಲೆ ಊಟಕ್ಕೆ ಒಬ್ಬರಿಗೆ 2 ಅಡಿ ಟೇಬಲ್ ಬೇಕು. ಇಲ್ಲಿ ಸಾಲಿಗೆ 60 ಅಡಿ ಟೇಬಲ್, ಅಂದರೆ 30 ಜನ. ಅಂಥ 8 ಸಾಲು. ಪಂಕ್ತಿಗೆ 240. ಒಂದು ಪಂಕ್ತಿ ಉಂಡು ಎದ್ದು, ಎಲೆ ತೆಗೆದು, ಒರೆಸಿ, ಮತ್ತೆ ಎಲೆ ಹಾಕಿ ಉಪ್ಪು ಉಪ್ಪಿನಕಾಯಿ ಬಡಿಸುವ ಹೊತ್ತಿಗೆ 40 ನಿಮಿಷ ಆಗುತ್ತದೆ. ಇದನ್ನು ಯಾರನ್ನೂ ಕೇಳಬೇಡಿ. ಒಂದು ಮದುವೆಗೆ ಹೋಗಿ ಗಡಿಯಾರ ನೋಡಿಕೊಂಡು ಬನ್ನಿ. ಬಡಿಸುವವರು 25 ನಿಮಿಷ ಎಂದೇ ಹೇಳುತ್ತಾರೆ.

ಈಗ ಜೋಡಿಸಿ ನೋಡಿ. ಊಟ 12ಕ್ಕೆ ಶುರು. ನಾಲ್ಕು ಪಂಕ್ತಿಗೆ 160 ನಿಮಿಷ, ಮುಗಿಯುವುದು 2:40ಕ್ಕೆ. ಐದನೇ ಪಂಕ್ತಿ ಕೂತರೆ 3:20. ಛತ್ರ ಬಿಡಬೇಕಾದದ್ದು 3ಕ್ಕೆ. ಹಾಗಾಗಿ ಈ ಛತ್ರದಲ್ಲಿ ಮಧ್ಯಾಹ್ನ ಎಲೆ ಊಟ ಹಾಕಬಹುದಾದದ್ದು 960 ಜನಕ್ಕೆ. ಚಿಕ್ಕಪ್ಪನವರ ಜಗಳ ಹುಟ್ಟಿದ್ದು ಇಲ್ಲೇ. ಅವರದೂ ತಪ್ಪಿಲ್ಲ, ಮೇನೇಜರ್‌ದೂ ತಪ್ಪಿಲ್ಲ. 1500 ಜನ, 3 ಗಂಟೆ ಎಂಬ ಎರಡು ಸಂಖ್ಯೆಗಳನ್ನು ಯಾರೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಯಜಮಾನರಿಗೆ 1500 ಬಿಡಲು ಮನಸ್ಸಿರಲಿಲ್ಲ. ಪಕ್ಕದ ಛತ್ರದವರು 2000 ಎಂದು ಹಾಕಿದ್ದಾರಂತೆ. ನಾನು ಸಂಖ್ಯೆ ಇಳಿಸಲಿಲ್ಲ, ಬಿಡಿಸಿ ಬರೆದೆ:

"ಹಾಲ್‌ನಲ್ಲಿ ಕುರ್ಚಿ: 550. ಊಟದ ಹಾಲ್: ಒಂದು ಪಂಕ್ತಿಗೆ 240. ಮಧ್ಯಾಹ್ನ 12ಕ್ಕೆ ಎಲೆ ಹಾಕಿದರೆ 2:40ರೊಳಗೆ ನಾಲ್ಕು ಪಂಕ್ತಿ, ಒಟ್ಟು 960 ಜನ. ಅದಕ್ಕಿಂತ ಜಾಸ್ತಿ ಜನ ಬರುವವರಿದ್ದರೆ 11:15ಕ್ಕೆ ಊಟ ಶುರು ಮಾಡಿ, ಇಲ್ಲವೇ ಅಂಗಳದಲ್ಲಿ ಬಫೆ ಇಟ್ಟುಕೊಳ್ಳಿ."

ಹೀಗೆ ಬರೆದರೆ ಜನ ಓಡಿಹೋಗುತ್ತಾರೆ ಎಂಬ ಭಯ ಅವರಿಗಿತ್ತು. ಆದರೆ 1500 ಜನರ ಪಟ್ಟಿ ಇರುವವರು ಇದನ್ನು ಓದಿ 11:15ಕ್ಕೇ ಎಲೆ ಹಾಕಿಸುತ್ತಾರೆ. ಆಗ ಐದನೇ ಪಂಕ್ತಿ 2:35ಕ್ಕೆ ಏಳುತ್ತದೆ. ಒಟ್ಟು 1200 ಜನ. ಉಳಿದವರಿಗೆ ಬಫೆ. ಮುಹೂರ್ತ 11 ಗಂಟೆಯದ್ದಾದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಧಾರೆ ಆಗದೆ ಯಾರೂ ಊಟಕ್ಕೆ ಏಳುವುದಿಲ್ಲವಲ್ಲ.

ಅಡುಗೆ: "ಷರತ್ತುಗಳು ಅನ್ವಯ" ಬಿಡಿಸುವುದು

ಹಳೇ ಸಾಲು: "ತಮ್ಮ ಸ್ವಂತ ಅಡುಗೆಯವರನ್ನು ಕರೆತರಲು ಅವಕಾಶವಿದೆ. ಷರತ್ತುಗಳು ಅನ್ವಯ." ಆ ಷರತ್ತುಗಳು ಎಲ್ಲೂ ಬರೆದಿರಲಿಲ್ಲ, ಮೇನೇಜರ್ ತಲೆಯಲ್ಲಿದ್ದವು. ಅವರನ್ನು ಕೂರಿಸಿಕೊಂಡು, "ಹೋದ ವರ್ಷ ಅಡುಗೆಮನೆ ವಿಷಯಕ್ಕೆ ಯಾವ್ಯಾವ ಜಗಳ ಆಯ್ತು ಹೇಳಿ" ಎಂದೆ. ನಿಯಮ ಏನು ಎಂದು ಕೇಳಿದರೆ ಸುಮ್ಮನಾಗುತ್ತಾರೆ, ಜಗಳ ಕೇಳಿದರೆ ಅರ್ಧ ಗಂಟೆ ಹೇಳುತ್ತಾರೆ.

ಮೊದಲನೇ ಜಗಳ ಭಟ್ಟರು ಬರುವ ಹೊತ್ತಿನದು. ಆರತಕ್ಷತೆ ಊಟ 7:30ಕ್ಕೆ ಬೇಕೆಂದರೆ ತರಕಾರಿ ಹೆಚ್ಚುವುದು, ಸಿಹಿ ಮಾಡುವುದು ಬೆಳಿಗ್ಗೆಯೇ ಶುರುವಾಗಬೇಕು. ಛತ್ರ ಕೊಡುವುದೋ ಸಂಜೆ 4ಕ್ಕೆ. ಆವತ್ತು ಮಧ್ಯಾಹ್ನ ಇನ್ನೊಬ್ಬರ ಮದುವೆ ಊಟ ಅದೇ ಅಡುಗೆಮನೆಯಲ್ಲಿ ಬೇಯುತ್ತಿರುತ್ತದೆ. ಅದೃಷ್ಟಕ್ಕೆ ಛತ್ರದ ಹಿಂಭಾಗದಲ್ಲಿ ಎರಡು ಒಲೆಯ ಒಂದು ಶೆಡ್ ಇತ್ತು, ಹಳೇ ಕುರ್ಚಿ ತುಂಬಿಟ್ಟಿದ್ದರು. ಅದನ್ನು ಖಾಲಿ ಮಾಡಿಸಿದೆವು. ಬ್ರೋಷರ್ ತಿದ್ದಲು ಹೋಗಿ ಶೆಡ್ ಗುಡಿಸುವುದೂ ನಮ್ಮ ಪಾಲಿಗೇ ಬಂತು, ಬಿಡಿ.

ಎರಡನೆಯದು ಮಾಂಸ. ನಮ್ಮ ಜಿಲ್ಲೆಯಲ್ಲಿ ಮದುವೆ ಆದ ಮೇಲೆ ಬೀಗರ ಊಟ ಕೇಳದ ಮನೆಗಳು ಕಡಿಮೆ. "ಸಸ್ಯಾಹಾರ ಮಾತ್ರ" ಎಂದು ಹಾಕಿದ್ದರೂ, ಅದು ಮದುವೆ ದಿನಕ್ಕೆ ಮಾತ್ರ ಎಂದು ಜನ ಅಂದುಕೊಳ್ಳುತ್ತಾರೆ. ಇನ್ನೊಂದು ತಮಾಷೆ, ಆರತಕ್ಷತೆಯ ಕೇಕು. ಅದರಲ್ಲಿ ಮೊಟ್ಟೆ ಇದೆ ಎಂದು ಸ್ಟೇಜ್ ಮೇಲೆಯೇ ತಕರಾರು ಆಗಿತ್ತಂತೆ. ಆದ್ದರಿಂದ ಎರಡನ್ನೂ ಹೆಸರು ಹಿಡಿದೇ ಬರೆಯಬೇಕು.

ಮೂರನೆಯದು ಗ್ಯಾಸ್. ಮನೆಯ 14.2 ಕೆಜಿ ಸಿಲಿಂಡರ್ ತಂದು ಇಳಿಸುತ್ತಾರೆ. ಅದು ಮನೆ ಬಳಕೆಗೆ ಕೊಟ್ಟದ್ದು. ಇಂಥ ಅಡುಗೆಗೆ 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ತರಬೇಕು. ಇದರ ಜೊತೆಗೇ ಟೇಬಲ್ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆ, ಪ್ಲಾಸ್ಟಿಕ್ ಲೋಟ, ತಟ್ಟೆ. ರಾಜ್ಯದಲ್ಲಿ 2016ರಿಂದ ಇವೆಲ್ಲಾ ನಿಷೇಧ. ಪೇಪರ್ ರೋಲ್ ತರುವುದು ಯಾರು ಎಂದು ಬರೆಯದಿದ್ದರೆ 11 ಗಂಟೆಗೆ ಅಂಗಡಿ ಹುಡುಕುವ ಪಾಡು.

ಇಷ್ಟನ್ನು ಸೇರಿಸಿ ಬರೆದದ್ದು:

"ನಿಮ್ಮ ಅಡುಗೆಯವರನ್ನು ಕರೆತರಬಹುದು. ಅಡುಗೆಮನೆ ಬಾಡಿಗೆ 15,000 ರೂ. ಮುಹೂರ್ತದ ಹಿಂದಿನ ದಿನ ಹಿಂಭಾಗದ ಶೆಡ್ ಬೆಳಿಗ್ಗೆ 11ರಿಂದ, ಮುಖ್ಯ ಅಡುಗೆಮನೆ ಮಧ್ಯಾಹ್ನ 3ರಿಂದ ಸಿಗುತ್ತದೆ. ಪಾತ್ರೆ, ಒಲೆ ನಮ್ಮವು. ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳುತ್ತೇವೆ. 19 ಕೆಜಿ ಗ್ಯಾಸ್ ಸಿಲಿಂಡರ್, ಬಾಳೆ ಎಲೆ, ಪೇಪರ್ ರೋಲ್, ಕುಡಿಯುವ ನೀರಿನ ಕ್ಯಾನ್ ನೀವು ತರಬೇಕು. ಮಾಂಸ, ಮೊಟ್ಟೆ, ಮದ್ಯ ಯಾವ ದಿನವೂ ಛತ್ರದ ಕಾಂಪೌಂಡ್ ಒಳಗೆ ಬೇಡ. ಕೇಕ್ ಮೊಟ್ಟೆ ಇಲ್ಲದ್ದೇ ಇರಲಿ. ಬೀಗರ ಊಟಕ್ಕೆ ಇಲ್ಲಿ ಅವಕಾಶ ಇಲ್ಲ."

ಹಳೇದು ಒಂದೂವರೆ ಸಾಲು, ಹೊಸದು ಹತ್ತು ಸಾಲು. ಉದ್ದವಾಯಿತು ಎಂದು ಬೇಸರ ಬೇಡ. ಸ್ಟೇಜಿನ ಫೋಟೋ ಸ್ವಲ್ಪ ಚಿಕ್ಕದು ಮಾಡಿದರಾಯಿತು.

ಪಾರ್ಕಿಂಗ್

"200 ವಾಹನಗಳಿಗೆ ವಿಶಾಲವಾದ ಪಾರ್ಕಿಂಗ್" ಎಂದಿತ್ತು. ವಾಹನ ಅಂದರೆ ಬೈಕಾ, ಬಸ್ಸಾ? ಅಂಗಳ ಅಳೆದರೆ 80 ಅಡಿ, 150 ಅಡಿ. 12,000 ಚದರ ಅಡಿ. ಕಾರು ನಿಲ್ಲುವ ಜಾಗ ಒಂದೇ ಸಾಲದು, ತಿರುಗಿಸಿ ಹೊರಗೆ ತೆಗೆಯಲು ದಾರಿಯೂ ಬೇಕು. ಎರಡೂ ಸೇರಿ ಕಾರಿಗೆ 270 ಚದರ ಅಡಿ ಇಟ್ಟರೆ 44 ಕಾರು. ಬೈಕಿಗೆ ಪಕ್ಕದಲ್ಲಿ ಬೇರೆ ಜಾಗ, ಅಲ್ಲಿ 120 ಎಣಿಸಿದೆವು. ಜನರೇಟರ್ ಗಾಡಿ ಅಂಗಳದಲ್ಲೇ ನಿಲ್ಲುತ್ತದೆ, ಅದಕ್ಕೆ ಎರಡು ಕಾರಿನ ಜಾಗ ಕಳೆಯಿರಿ.

ಮೇಲೆ "ಅಂಗಳದಲ್ಲಿ ಬಫೆ ಇಟ್ಟುಕೊಳ್ಳಿ" ಎಂದೆನಲ್ಲ, ಅದು ಈ ಅಂಗಳವೇ! ಶಾಮಿಯಾನ ಹಾಕಿದರೆ ಅರ್ಧ ಪಾರ್ಕಿಂಗ್ ಹೋಗುತ್ತದೆ. ಬಹುತೇಕ ಛತ್ರಗಳ ಬ್ರೋಷರ್‌ನಲ್ಲಿ ಒಂದೇ ಜಾಗವನ್ನು ಹೀಗೆ ಎರಡು ಸಲ ಮಾರಿರುತ್ತಾರೆ. ನಾನೂ ಮೊದಲ ಪ್ರೂಫ್‌ನಲ್ಲಿ ಇದನ್ನು ಗಮನಿಸಿರಲಿಲ್ಲ.

ಮಧುಗಿರಿ, ಕೊರಟಗೆರೆ ಕಡೆಯಿಂದ ದಿಬ್ಬಣ ಬಸ್ಸಿನಲ್ಲೇ ಬರುತ್ತದೆ. ಈ ಛತ್ರದ ಗೇಟು ಕಿರಿದಾದ ಕ್ರಾಸ್ ರಸ್ತೆಯಲ್ಲಿದೆ, ಬಸ್ ತಿರುಗುವುದಿಲ್ಲ. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ಹೀಗೆ ಬರೆದೆವು: "ಕಾರು 42, ಬೈಕ್ 120. ಅಂಗಳದಲ್ಲಿ ಬಫೆ ಇಟ್ಟರೆ ಕಾರು 20 ಮಾತ್ರ. ಬಸ್ ಒಳಗೆ ಬರುವುದಿಲ್ಲ. ಗೇಟಿನಲ್ಲಿ ಜನರನ್ನು ಇಳಿಸಿ, ನಾವು ತೋರಿಸುವ ಖಾಲಿ ನಿವೇಶನದಲ್ಲಿ ನಿಲ್ಲಿಸಬೇಕು. ಸರ್ವಿಸ್ ರಸ್ತೆಯಲ್ಲಿ ನಿಲ್ಲಿಸಿ ದಂಡ ಬಿದ್ದರೆ ವಾಹನದವರದೇ ಹೊಣೆ." ಆ ನಿವೇಶನದ ಮಾಲೀಕರ ಒಪ್ಪಿಗೆ ಇದೆಯೇ ಎಂದು ಕೇಳಿಕೊಂಡೇ ಅಚ್ಚಿಗೆ ಕಳಿಸಿ.

ದುಡ್ಡಿನ ಮಾತು

ದರವನ್ನು ಬ್ರೋಷರ್‌ನಲ್ಲೇ ಅಚ್ಚು ಹಾಕಬೇಡಿ ಎಂಬುದು ನನ್ನ ಅಭಿಪ್ರಾಯ. ಅಚ್ಚು ಹಾಕಿಸಿದ 2000 ಪ್ರತಿಗಳು ಎರಡು ವರ್ಷ ಬರುತ್ತವೆ, ಡೀಸೆಲ್ ಬೆಲೆ ಅಷ್ಟು ದಿನ ನಿಲ್ಲುವುದಿಲ್ಲ. ಸ್ಟಿಕ್ಕರ್ ಅಂಟಿಸಿದರೆ ಜನಕ್ಕೆ ಅನುಮಾನ. ಬಿಡಿ ಹಾಳೆಯಲ್ಲಿ ದರ ಪಟ್ಟಿ ಮಾಡಿ, ಮೇಲೆ "ಈ ದರ ಇಂಥ ತಾರೀಖಿನವರೆಗಿನ ಮುಹೂರ್ತಗಳಿಗೆ" ಎಂದು ಹಾಕಿ ಒಳಗೆ ಸೇರಿಸಿ. ಮೇಲಿನ 15,000ವನ್ನೂ ಕೊನೆಗೆ ಆ ಹಾಳೆಗೇ ಸಾಗಿಸಿದೆ.

ಆ ಹಾಳೆಯಲ್ಲಿ ಒಂದು ಮಾದರಿ ಬಿಲ್ ಇರಲಿ. ನಮ್ಮದು ಹೀಗಿತ್ತು. ಬಾಡಿಗೆ 1,50,000, ಅಡುಗೆಮನೆ 15,000, ಸ್ವಚ್ಛತೆ 10,000, ಒಟ್ಟು 1,75,000. ಆಡಿಟರ್ ಗುರುತು ಹಾಕಿಕೊಟ್ಟಂತೆ ಅದರ ಮೇಲೆ ಶೇ 18 ಜಿಎಸ್‌ಟಿ 31,500. ಕರೆಂಟು ಮೀಟರ್ ಪ್ರಕಾರ, 400 ಯೂನಿಟ್ ಆದರೆ 6,000. ಜನರೇಟರ್ ಗಂಟೆಗೆ 2,000ದಂತೆ 3 ಗಂಟೆಗೆ 6,000. ಎಲ್ಲಾ ಸೇರಿ 2,18,500. ಒಂದೂವರೆ ಲಕ್ಷ ಎಂದುಕೊಂಡು ಬಂದವರು ಕೊನೇ ದಿನ ಕೂಗಾಡುವುದು ಯಾಕೆ ಎಂದು ಈಗ ತಿಳಿಯಿತಲ್ಲ. ಮೀಟರ್ ಓದುವಾಗ ಎರಡೂ ಕಡೆಯವರು ಇರಬೇಕು ಎಂದೂ ಒಂದು ಸಾಲು ಹಾಕಿ.

ಅಡ್ವಾನ್ಸ್ ಮತ್ತು ಡೆಪಾಸಿಟ್ ಎರಡನ್ನೂ ಹಳೇ ಬ್ರೋಷರ್ "ಮುಂಗಡ" ಎಂದೇ ಕರೆದಿತ್ತು. ಅಡ್ವಾನ್ಸ್ ಬಾಡಿಗೆಯಲ್ಲಿ ವಜಾ ಆಗುತ್ತದೆ, ಡೆಪಾಸಿಟ್ ವಾಪಸ್ ಬರುತ್ತದೆ. ಬೇರೆ ಬೇರೆ ಪದ ಬಳಸಿ, ಬ್ರೋಷರ್, ದರ ಪಟ್ಟಿ, ರಸೀದಿ ಮೂರರಲ್ಲೂ ಅದೇ ಪದ ಇರಲಿ. ಡೆಪಾಸಿಟ್‌ನಿಂದ ಯಾವುದಕ್ಕೆ ಹಿಡಿಯುತ್ತೀರಿ, ಎಷ್ಟು ದಿನದಲ್ಲಿ ಕೊಡುತ್ತೀರಿ ಎಂಬುದೂ ಅಲ್ಲೇ ಬರಲಿ.

ಬುಕಿಂಗ್ ರದ್ದು ಮಾಡುವ ಬಗ್ಗೆ ಹಳೇ ಸಾಲು: "ಮುಂಗಡ ಹಣವನ್ನು ಯಾವುದೇ ಕಾರಣಕ್ಕೂ ಹಿಂದಿರುಗಿಸಲಾಗುವುದಿಲ್ಲ." ಆದರೆ ಯಜಮಾನರು ಕೊಡುತ್ತಿದ್ದರು! ಬೇರೆ ಪಾರ್ಟಿ ಸಿಕ್ಕರೆ ಪೂರ್ತಿ, ಗುರುತಿನವರಾದರೆ ಅರ್ಧ. ಹೀಗಾದರೆ ಬಾಯಿ ಜೋರಿದ್ದವರಿಗೆ ದುಡ್ಡು, ಸುಮ್ಮನಿದ್ದವರಿಗೆ ಇಲ್ಲ. ಅವರು ನಿಜವಾಗಿ ಮಾಡುತ್ತಿದ್ದುದನ್ನೇ ಮೆಟ್ಟಿಲು ಮಾಡಿದೆವು. ಮುಹೂರ್ತದ ದಿನದಿಂದ ಹಿಂದಕ್ಕೆ ಎಣಿಸಿ, 90 ದಿನಕ್ಕಿಂತ ಮೊದಲು ಹೇಳಿದರೆ ಅಡ್ವಾನ್ಸ್‌ನಲ್ಲಿ ಮುಕ್ಕಾಲು ಪಾಲು ವಾಪಸ್. 30ರಿಂದ 90 ದಿನದೊಳಗೆ ಅರ್ಧ. 30 ದಿನಕ್ಕಿಂತ ಕಡಿಮೆ ಇದ್ದರೆ, ಆ ತಾರೀಖು ಬೇರೆಯವರಿಗೆ ಹೋದರೆ ಮಾತ್ರ ಅರ್ಧ. ಮನೆಯಲ್ಲಿ ಸಾವಾಗಿ ಸೂತಕ ಬಂದರೆ, ಆರು ತಿಂಗಳೊಳಗೆ ಒಂದು ಸಲ ತಾರೀಖು ಬದಲಿಸಿಕೊಳ್ಳಬಹುದು, ದಂಡ ಇಲ್ಲ. ಎಣಿಕೆ ಎಲ್ಲಿಂದ ಎಂದು ಹಾಕದಿದ್ದರೆ ಒಂದು ದಿನದ ವ್ಯತ್ಯಾಸಕ್ಕೆ ಅರ್ಧ ಅಡ್ವಾನ್ಸ್ ಜಗಳ ಆಗುತ್ತದೆ.

ಬುಕಿಂಗ್‌ಗೆ ತರಬೇಕಾದ ಕಾಗದಗಳಲ್ಲಿ ಹುಡುಗ ಹುಡುಗಿಯ ವಯಸ್ಸಿನ ದಾಖಲೆ ಸೇರಿಸಿ. ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಬಾಲ್ಯವಿವಾಹ ನಡೆಯಲು ಬಿಟ್ಟವರಿಗೂ 2006ರ ಕಾಯ್ದೆಯಲ್ಲಿ ಶಿಕ್ಷೆ ಇದೆ.

ಅಚ್ಚಿಗೆ ಹೋಗುವ ಮೊದಲು

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲನ್ನು ಯೂನಿಕೋಡ್‌ಗೆ ಬದಲಿಸಿದರೆ ಅರ್ಕಾವತ್ತು, ಒತ್ತಕ್ಷರ ಒಮ್ಮೊಮ್ಮೆ ಜಾಗ ತಪ್ಪುತ್ತವೆ. ಪೂರ್ತಿ ಮತ್ತೆ ಓದಿ. ಬದಲಿಸದೆ ಹಾಗೇ ವಾಟ್ಸಾಪ್‌ಗೆ ಹಾಕಿದರಂತೂ ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತದೆ. ಅಂಕಿಗಳೂ ಒಂದೇ ಲಿಪಿಯಲ್ಲಿರಲಿ, ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಬೇಡ.

ಆಮೇಲೆ ಆ ಛತ್ರ ನೋಡಿರದ ಒಬ್ಬರ ಕೈಗೆ ಪ್ರೂಫ್ ಕೊಡಿ. ನಾನು ಅಂಗಡಿ ಮುಂದೆ ಹೂವು ಮಾರುವ ಅಕ್ಕನಿಗೆ ಕೊಟ್ಟೆ. ಅವರ ಮಗಳ ಮದುವೆ ಮಾತುಕತೆ ನಡೆಯುತ್ತಿತ್ತು. "ನಿಮ್ಮ ಕಡೆಯವರು 700 ಜನ, ಭಾನುವಾರ ಮುಹೂರ್ತ, ಒಂದು ಬಸ್ ಬರುತ್ತೆ. ಭಟ್ಟರಿಗೆ ಯಾವಾಗ ಬರೋಕೆ ಹೇಳ್ತೀರ? ಎಷ್ಟು ಪಂಕ್ತಿ? ಬಸ್ ಎಲ್ಲಿ ನಿಲ್ಲಿಸ್ತೀರ?" ಎಂದು ಕೇಳಿದೆ. ಶನಿವಾರ ಬೆಳಿಗ್ಗೆ 11, ಮೂರು ಪಂಕ್ತಿ, ಬಸ್ಸು ಹೊರಗೆ ಎಂದು ಬೇಗನೇ ಹೇಳಿದರು. ಅಡ್ವಾನ್ಸ್ ಎಷ್ಟು ಎಂದಾಗ ಮಾತ್ರ ಹಾಳೆ ತಿರುವಿ ತಿರುವಿ ಹುಡುಕಿದರು. ಅದು ದರ ಪಟ್ಟಿಯ ಹಿಂಬದಿಯಲ್ಲಿತ್ತು, ಮುಂದಕ್ಕೆ ತಂದೆ.

ಕೊನೆಗೆ, ಪ್ರೂಫ್‌ನಲ್ಲಿರುವ ಫೋನ್ ನಂಬರನ್ನು ಅಲ್ಲಿಂದಲೇ ನೋಡಿ ಒತ್ತಿ ಕರೆ ಮಾಡಿ. ನೆನಪಿನಿಂದ ಬೇಡ. ನಮ್ಮ ಪ್ರೂಫ್‌ನಲ್ಲಿ ಎರಡು ಅಂಕಿ ಹಿಂದುಮುಂದಾಗಿದ್ದವು. ಫೋನ್ ಎತ್ತಿದವರು ಗುಬ್ಬಿ ಕಡೆಯ ಯಾರೋ ಕೊಬ್ಬರಿ ವ್ಯಾಪಾರಿ.